ಆನೆಯ ಸುತ್ತಲಿನ ಬಿಳಿ

ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸಲು ಕಲಿಯುವ ಮಕ್ಕಳಿಗೆ ಬೇಗನೆ ಎದುರಾಗುವ ಪೇಚು ಒಂದಿದೆ. ರಾಜ್ಯೋತ್ಸವದ ಶುಭಾಶಯ ಪತ್ರಕ್ಕೆಂದು ದಸರಾ ಆನೆಯ ಚಿತ್ರ ತೆಗೆದುಕೊಂಡು, ಅದರ ಹಿಂದಿದ್ದ ನೀಲಿ ಆಕಾಶವನ್ನೆಲ್ಲ ಅಳಿಸುತ್ತಾರೆ. ತೆರೆಯ ಮೇಲೆ ಆನೆ ಮಾತ್ರ ಉಳಿದಿರುತ್ತದೆ. ಅದನ್ನು ಹಳದಿ-ಕೆಂಪು ಕಾರ್ಡಿನ ಮೇಲೆ ತಂದಿಟ್ಟರೆ ಆನೆಯ ಜೊತೆಗೆ ಒಂದು ದೊಡ್ಡ ಬಿಳಿ ಚೌಕವೂ ಬಂದು ಕೂರುತ್ತದೆ. ‘ಅಳಿಸಿದೆನಲ್ಲ, ಮತ್ತೆ ಎಲ್ಲಿಂದ ಬಂತು?’ ಎಂದು ಮಗು ಕೇಳುತ್ತದೆ. ಇದಕ್ಕೆ ಉತ್ತರ ಹೇಳಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕತ್ತರಿ ಹಿಡಿಯುವುದೇ ಒಳ್ಳೆಯದು.

ಒಂದೇ ಆನೆಯ ಚಿತ್ರದ ಎರಡು ಬಣ್ಣದ ಪ್ರತಿ ಬೇಕು. ಎರಡರಲ್ಲೂ ಹಿಂದೆ ನೀಲಿ ಆಕಾಶ ಇರಲಿ. ಮೊದಲನೆಯದರಲ್ಲಿ ಆನೆಯನ್ನು ಬಿಟ್ಟು ಉಳಿದ ನೀಲಿಯ ಮೇಲೆ ದಪ್ಪಗೆ ಬಿಳಿ ಪೋಸ್ಟರ್ ಬಣ್ಣ ಬಳಿಯಬೇಕು. ಎರಡನೆಯದರಲ್ಲಿ ಆನೆಯ ಅಂಚು ಹಿಡಿದು ಕತ್ತರಿಸಿ ನೀಲಿ ಕಾಗದವನ್ನು ಎಸೆಯಬೇಕು. ಈಗ ಎರಡನ್ನೂ ಒಂದು ಬಿಳಿ ಡ್ರಾಯಿಂಗ್ ಶೀಟಿನ ಮೇಲೆ ಅಕ್ಕಪಕ್ಕ ಇಟ್ಟು, ತುಸು ದೂರದಿಂದ ನೋಡಿ ವ್ಯತ್ಯಾಸ ಹೇಳಿ ಎಂದರೆ ಮಕ್ಕಳು ತಡವರಿಸುತ್ತಾರೆ. ಎರಡೂ ಬಿಳಿಯ ಮೇಲೆ ನಿಂತ ಆನೆಗಳೇ. ಇಲ್ಲಿ ಅವಸರ ಮಾಡಬಾರದು. ಕಂಪ್ಯೂಟರಿನ ಬಿಳಿ ಪುಟ ಮಕ್ಕಳನ್ನು ಹೇಗೆ ಏಮಾರಿಸಿತು ಎಂಬುದು ಅವರಿಗೇ ಹೊಳೆಯಬೇಕಾದ ಜಾಗ ಇದು.

ಆಮೇಲೆ ಕೆಳಗಿನ ಬಿಳಿ ಹಾಳೆ ಎಳೆದು ಹಳದಿ ಹಾಳೆ ಹಾಸಿ. ಕತ್ತರಿಸಿದ ಆನೆಯ ಸುತ್ತ ಹಳದಿ ಕಾಣುತ್ತದೆ, ಕಾಲುಗಳ ಸಂದಿಯಲ್ಲೂ ಹಳದಿಯೇ. ಬಣ್ಣ ಬಳಿದ ಆನೆ ತನ್ನ ಬಿಳಿ ಚೌಕದಲ್ಲೇ ಉಳಿಯುತ್ತದೆ. ಹಳದಿ ತೆಗೆದು ಕೆಂಪು ಹಾಸಿದರೂ ಅಷ್ಟೇ. ಒಂದರಲ್ಲಿ ಕಾಗದವೇ ಇಲ್ಲ, ಇನ್ನೊಂದರಲ್ಲಿ ಕಾಗದ ಹಾಗೇ ಇದ್ದು ಅದರ ಮೇಲೆ ಇನ್ನೊಂದು ಪದರ ಬಣ್ಣ ಸೇರಿದೆ. ಬಿಳಿ ಬಳಿದದ್ದರಿಂದ ಏನೂ ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಬೇಕಿದ್ದರೆ ಎರಡನ್ನೂ ಬೆಳಕಿಗೆ ಹಿಡಿದು ನೋಡಲಿ. ಬಿಳಿಯ ಹಿಂದೆ ನೀಲಿ ಇನ್ನೂ ಮಸುಕಾಗಿ ತೋರಬಹುದು.

ಈ ಆಟಕ್ಕೆ ಆನೆಯೇ ಬೇಕು ಎನ್ನಲು ಕಾರಣ ಅದರ ದಂತ. ಬಿಳಿ ಬಳಿದ ಚಿತ್ರವನ್ನು ಒಂದು ಮಗುವಿನ ಕೈಗೆ ಕೊಟ್ಟು, ‘ಬಿಳಿ ಇರುವಲ್ಲೆಲ್ಲ ಕತ್ತರಿಸಿ ತೆಗೆ’ ಎಂದು ಹೇಳಿ. ಹೇಳಿದ್ದನ್ನು ಅಕ್ಷರಶಃ ಪಾಲಿಸಿದರೆ ದಂತವೂ ಹೋಗುತ್ತದೆ. ಮಗುವಿಗೆ ದಂತ ಯಾವುದು, ಬಳಿದ ಬಿಳಿ ಯಾವುದು ಎಂದು ಗೊತ್ತಿರುವುದರಿಂದ ಅದು ಕತ್ತರಿ ನಿಲ್ಲಿಸಿ ನಿಮ್ಮ ಮುಖ ನೋಡೀತು. ಕಂಪ್ಯೂಟರಿನಲ್ಲಿ ಬಣ್ಣ ನೋಡಿ ಆಯ್ಕೆ ಮಾಡುವ ಸಲಕರಣೆಗೆ ಆ ವ್ಯತ್ಯಾಸ ಗೊತ್ತಿಲ್ಲ. ಹಿಂದೆ ನೀಲಿ ಇದ್ದಾಗ ಆನೆಗೂ ಆಕಾಶಕ್ಕೂ ನಡುವಿನ ಗಡಿ ಸ್ಪಷ್ಟವಾಗಿತ್ತು. ಬಿಳಿ ಬಳಿದು ಆ ಗಡಿಯನ್ನೇ ಅಳಿಸಿಬಿಟ್ಟೆವು. ಬಳಿಯುವುದರ ನಿಜವಾದ ನಷ್ಟ ಇದು ಎಂದು ನನಗನ್ನಿಸುತ್ತದೆ. ಬಿಳಿ ಚೌಕ ಕಣ್ಣಿಗಾದರೂ ಕಾಣುತ್ತದೆ, ಈ ನಷ್ಟ ಕಾಣುವುದಿಲ್ಲ.

ಈಗ ಕಂಪ್ಯೂಟರಿಗೆ ಮರಳಬಹುದು. ತೆರೆಯ ಮೇಲಿನ ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ ಆದದ್ದು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಮೂರು ಸಂಖ್ಯೆಗಳು, ಸಾಮಾನ್ಯವಾಗಿ 0ಯಿಂದ 255ರವರೆಗೆ. ಮೂರೂ 255 ಆದರೆ ಬಿಳಿ. ಅಂದರೆ ಬಿಳಿ ಎಂಬುದು ಖಾಲಿಯಲ್ಲ, ಮೂರು ಬಣ್ಣಗಳೂ ತುಂಬಿ ಬಂದ ಚುಕ್ಕಿ. ‘ಇಲ್ಲಿ ಕಾಗದವೇ ಇಲ್ಲ’ ಎಂದು ಹೇಳಲು ನಾಲ್ಕನೆಯ ಸಂಖ್ಯೆಯೊಂದು ಬೇಕು. ಅದಕ್ಕೆ ಆಲ್ಫಾ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದನ್ನು ರೂಪಿಸಿದರು. ಆಲ್ಫಾ 255 ಎಂದರೆ ಕಾಗದ ಗಟ್ಟಿಯಾಗಿದೆ, 0 ಎಂದರೆ ಕತ್ತರಿಸಿ ತೆಗೆದಿದೆ.

ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಫೋಟೊ ತೆರೆದಾಗ ಆ ನಾಲ್ಕನೆಯ ಸಂಖ್ಯೆ ಹಲವು ಸಲ ಇರುವುದೇ ಇಲ್ಲ. ಆಗ ನೀಲಿಯನ್ನು ಆಯ್ಕೆ ಮಾಡಿ `Delete` ಒತ್ತಿದರೆ ಕಂಪ್ಯೂಟರಿಗೆ ಕತ್ತರಿಸಲು ದಾರಿಯಿಲ್ಲದೆ ಹಿನ್ನೆಲೆ ಬಣ್ಣವನ್ನು, ಅಂದರೆ ಸಾಮಾನ್ಯವಾಗಿ ಬಿಳಿಯನ್ನು, ಬಳಿದುಬಿಡುತ್ತದೆ. ಮಗುವಿಗೆ ಬಂದ ಪೇಚು ಇದೇ. ಮೊದಲು `Layer > Transparency > Add Alpha Channel` ಕೊಟ್ಟು ಆಮೇಲೆ `Delete` ಒತ್ತಿದರೆ ಬಿಳಿಯ ಬದಲು ಬೂದು ಚೌಕಳಿ ಕಾಣುತ್ತದೆ. ಆ ಚೌಕಳಿ ಚಿತ್ರದ ಭಾಗವಲ್ಲ, ಕಾಗದ ಹೋದ ಮೇಲೆ ಕಾಣುತ್ತಿರುವ ಮೇಜು ಎಂದು ಹೇಳಿದರೆ ಕತ್ತರಿ ಹಿಡಿದ ಮಕ್ಕಳು ತಕ್ಷಣ ಒಪ್ಪುತ್ತಾರೆ. (ಜಾಲದಲ್ಲಿ ಸಿಗುವ ಕೆಲವು ಚಿತ್ರಗಳಲ್ಲಿ ಈ ಚೌಕಳಿಯನ್ನೇ ಬಣ್ಣವಾಗಿ ಬಳಿದಿರುತ್ತಾರೆ. ಅಲ್ಲೂ ಕೆಳಗೆ ಹಳದಿ ಹಾಸಿದರೆ ಸುಳ್ಳು ಗೊತ್ತಾಗುತ್ತದೆ.)

ಇಷ್ಟಾದರೂ ಸೊಂಡಿಲನ್ನು ಮರೆಯಬಾರದು. ಸೊಂಡಿಲು ಸುರುಳಿ ಸುತ್ತಿ ಬಾಯಿಗೆ ತಾಗಿದ್ದರೆ ಒಳಗೊಂದು ಪುಟ್ಟ ನೀಲಿ ವೃತ್ತ ಸಿಕ್ಕಿಕೊಂಡಿರುತ್ತದೆ. ಹೊರಗಿನಿಂದ ಕತ್ತರಿ ಅಲ್ಲಿಗೆ ತಲುಪದು. ತುದಿ ಚುಚ್ಚಿ ಬೇರೆಯಾಗಿಯೇ ತೆಗೆಯಬೇಕು. ಗಿಂಪ್‌ನಲ್ಲೂ ಪಕ್ಕಪಕ್ಕದ ಒಂದೇ ಬಣ್ಣವನ್ನು ಹಿಡಿಯುವ ಸಲಕರಣೆ ಆ ವೃತ್ತವನ್ನು ಬಿಟ್ಟುಬಿಡುತ್ತದೆ. ಶಿಫ್ಟ್ ಕೀ ಒತ್ತಿಹಿಡಿದು ಅದನ್ನೂ ಸೇರಿಸಿಕೊಳ್ಳಬೇಕು.

ಅಂಚಿನ ಮಾತೂ ಇದೆ. ಕತ್ತರಿ ತುಸು ಹೊರಗೆ ಸರಿದರೆ ಆನೆಯ ಬೆನ್ನಿಗೆ ನೀಲಿ ಕಾಗದದ ತೆಳು ಎಳೆ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಈ ಎಳೆ ಇನ್ನೂ ಹಟಮಾರಿ, ಏಕೆಂದರೆ ಅಂಚಿನ ಚುಕ್ಕಿಗಳಲ್ಲಿ ಆನೆಯ ಬೂದು, ಆಕಾಶದ ನೀಲಿ ಎರಡೂ ಬೆರೆತಿರುತ್ತವೆ. ಅಳಿಸುವ ಮೊದಲು ಆಯ್ದ ಜಾಗವನ್ನು `Select > Grow` ಕೊಟ್ಟು ಆನೆಯ ಕಡೆಗೆ ಒಂದು ಚುಕ್ಕಿಯಷ್ಟು ಹಿಗ್ಗಿಸಿದರೆ ಬಹುಪಾಲು ಹೋಗುತ್ತದೆ. ಬಾಲದ ತುದಿಯ ಕೂದಲಿಗೆ ಮಾತ್ರ ಈ ಉಪಾಯ ಸಾಲದು, ಕೂದಲೇ ಮಾಯವಾದೀತು. ಅಲ್ಲಿ ಅರ್ಧ ಇದ್ದು ಅರ್ಧ ಇಲ್ಲದ ಚುಕ್ಕಿಗಳು ಬೇಕು, ಆಲ್ಫಾ 128ರ ಆಸುಪಾಸಿನವು. ಇದನ್ನು ಸಾದಾ ಕಾಗದದಲ್ಲಿ ತೋರಿಸಲಾಗದು. ಒಂದು ತುಂಡು ಬಟರ್ ಪೇಪರನ್ನು ಹಳದಿ ಹಾಳೆಯ ಮೇಲಿಟ್ಟು, ಕೆಳಗಿನ ಬಣ್ಣ ಮಸುಕಾಗಿ ಮೇಲೆ ಬರುವುದನ್ನು ತೋರಿಸಿದರೆ ಸಾಕು.

ಕೊನೆಗೆ ಉಳಿಸುವ ಕೆಲಸ. ಚೆನ್ನಾಗಿ ಕತ್ತರಿಸಿದ ಆನೆಯನ್ನು JPG ಆಗಿ ಉಳಿಸಿದರೆ ಕಷ್ಟಪಟ್ಟದ್ದೆಲ್ಲ ಹೋಯಿತು. ಆ ಬಗೆಯ ಕಡತದಲ್ಲಿ ಆಲ್ಫಾಕ್ಕೆ ಜಾಗವೇ ಇಲ್ಲ. ಕತ್ತರಿಸಿದ ಆನೆಯನ್ನು ಮತ್ತೆ ಒಂದು ಬಿಳಿ ಹಾಳೆಗೆ ಗೋಂದು ಹಚ್ಚಿ ಅಂಟಿಸಿ ತೋರಿಸಿ, ಮಕ್ಕಳು ಅದನ್ನು ಬಿಡಿಸಲು ಹೆಣಗಾಡಲಿ. `Export As` ಕೊಟ್ಟು ಹೆಸರಿನ ಕೊನೆಗೆ `.png` ಎಂದು ಬರೆದರೆ ಕತ್ತರಿಸಿದ್ದು ಕತ್ತರಿಸಿದ ಹಾಗೇ ಉಳಿಯುತ್ತದೆ. ಅದನ್ನು ಗೆಳೆಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗಲೂ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇಲ್ಲದಿದ್ದರೆ ದಾರಿಯಲ್ಲೇ ಅದು JPG ಆಗಿ, ಆನೆ ಮತ್ತೆ ಚೌಕದೊಳಗೆ ಸೇರಿಕೊಂಡಿರುತ್ತದೆ.