ನೋಟ್‌ಬುಕ್ ಮನೆಯಲ್ಲಿದೆ, ಮೇಡಂ

ಶಾಲಾ ಸ್ಪರ್ಧೆಯೊಂದರ ಹಾಳೆಗಳನ್ನು ತಿದ್ದಲು ಕೂತಿದ್ದೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆಂದು ಮಕ್ಕಳು ಪ್ರಾಮಾಣಿಕತೆಯ ಬಗ್ಗೆ ಎರಡು ನಿಮಿಷದ ಭಾಷಣ ಬರೆಯಬೇಕಿತ್ತು. ಹೆಚ್ಚಿನವರು ಹರಿಶ್ಚಂದ್ರನಿಂದ ಶುರುಮಾಡಿ ಪುಣ್ಯಕೋಟಿಯಲ್ಲಿ ಮುಗಿಸಿದ್ದರು. ಒಂದು ಹಾಳೆಯಲ್ಲಿ ಮಾತ್ರ ಹೀಗಿತ್ತು: ‘ಮೇಡಂ ಹೋಮ್‌ವರ್ಕ್ ಎಲ್ಲಿ ಅಂದರು. ನೋಟ್‌ಬುಕ್ ಮನೆಯಲ್ಲಿದೆ ಅಂದೆ. ಅದು ಮನೆಯಲ್ಲೇ ಇತ್ತು. ಆದರೆ ನಾನು ಬರೆದಿರಲಿಲ್ಲ. ಇದು ಸುಳ್ಳಾ?’

ಈ ಪ್ರಶ್ನೆ ಹಳೆಯದು. ಪತಂಜಲಿಯ ಯೋಗಸೂತ್ರ ಹೇಳುವ ಐದು ಯಮಗಳಲ್ಲಿ ಸತ್ಯವೂ ಒಂದು. ಅದಕ್ಕೆ ಭಾಷ್ಯ ಬರೆದ ವ್ಯಾಸರು, ನಡೆದದ್ದಕ್ಕೆ ಮಾತು ಹೊಂದಿದರೆ ಸಾಕು ಅನ್ನುವುದಿಲ್ಲ. ಕಂಡದ್ದು, ಊಹಿಸಿದ್ದು, ಕೇಳಿದ್ದು ಹೇಗೋ ಮಾತೂ ಮನಸ್ಸೂ ಹಾಗೇ ಇರಬೇಕು. ನಮಗೆ ತಿಳಿದದ್ದನ್ನು ಇನ್ನೊಬ್ಬರಿಗೆ ದಾಟಿಸಲಿಕ್ಕೆ ತಾನೇ ಮಾತು? ಹಾಗಾಗಿ ಅದು ವಂಚಿಸಬಾರದು, ಭ್ರಮೆಯಿಂದ ಹುಟ್ಟಿರಬಾರದು, ಕೇಳಿದವನಿಗೆ ಏನೂ ತಿಳಿಯದಂತೆ ಬಂಜೆಯೂ ಆಗಬಾರದು.

ಮೊದಲನೆಯ ದೋಷವಾದ ವಂಚನೆಗೆ, ಆ ಭಾಷ್ಯಕ್ಕೆ ಟೀಕೆ ಬರೆದ ವಾಚಸ್ಪತಿ ಮಿಶ್ರ ಕೊಡುವ ಉದಾಹರಣೆ ಧರ್ಮರಾಯನದು. ಭೀಮ ಅಶ್ವತ್ಥಾಮನೆಂಬ ಆನೆಯನ್ನು ಕೊಂದಿದ್ದ. ‘ನನ್ನ ಮಗ ಸತ್ತದ್ದು ನಿಜವೇ?’ ಎಂದು ದ್ರೋಣ ಕೇಳಿದಾಗ ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆಯ ಮಾತನ್ನು ಗೊಣಗಿದ. ಪದಗಳಲ್ಲಿ ತಪ್ಪು ಹುಡುಕಲಾಗದು. ಆದರೆ ಹೇಳಿದವನ ತಲೆಯಲ್ಲಿದ್ದದ್ದು ಆನೆ, ಕೇಳಿದವನ ಎದೆಗೆ ಬಿದ್ದದ್ದು ಮಗನ ಹೆಣ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಗಳಿಗೆಯಲ್ಲಿ ನೆಲಕ್ಕಿಳಿಯಿತು ಎನ್ನುತ್ತದೆ ಭಾರತ.

ನೋಟ್‌ಬುಕ್ಕಿನ ಕಥೆಯೂ ಇದೇ. ಮೇಡಂ ಕೇಳಿದ್ದು ಬರೆದದ್ದರ ಬಗ್ಗೆ. ಹುಡುಗ ಹೇಳಿದ್ದು ಪುಸ್ತಕ ಇರುವ ಜಾಗ. ‘ಬರೆದಿದ್ದಾನೆ, ತರಲು ಮರೆತಿದ್ದಾನೆ’ ಎಂದು ಅವರು ನಂಬಲಿ ಎಂದೇ ಆ ಉತ್ತರ. ಪರೀಕ್ಷೆ ಸುಲಭ: ಕೇಳಿದವರಿಗೆ ಪೂರ್ತಿ ವಿಷಯ ಗೊತ್ತಾದಾಗ ‘ಹಾಗಾದರೆ ಆವತ್ತು ನೀನು ಹೇಳಿದ್ದು?’ ಅನ್ನುತ್ತಾರಾ?

ಹಾಗೆಂದು ಗೊತ್ತಿರುವುದನ್ನೆಲ್ಲ ಒದರಬೇಕೆಂದೂ ಇಲ್ಲ. ಮಾತು ಜೀವಿಗಳಿಗೆ ಕೇಡು ಮಾಡುವುದಾದರೆ ಅದು ಸತ್ಯವಲ್ಲ, ಪಾಪವೇ ಎನ್ನುತ್ತದೆ ಭಾಷ್ಯ. ಕರ್ಣಪರ್ವದ ಕೌಶಿಕ, ಜನ ಅಡಗಿದ್ದ ಜಾಗವನ್ನು ದರೋಡೆಕೋರರಿಗೆ ಇದ್ದದ್ದಿದ್ದಂತೆ ಹೇಳಿ ನರಕಕ್ಕೆ ಹೋದ. ಹುಡುಗರು ಈ ವಿನಾಯಿತಿಯನ್ನು ಹೋಮ್‌ವರ್ಕಿಗೆ ಎಳೆದು ತರುವುದುಂಟು. ಅಲ್ಲಿ ಉಳಿಯುವುದು ಯಾರ ಜೀವವೂ ಅಲ್ಲ, ಸ್ವಂತ ಬೆನ್ನು.

ಮೂರನೆಯ ದೋಷವಾದ ಬಂಜೆತನವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಪರ್ಧೆಯ ಬೇರೆ ಹಾಳೆಗಳಲ್ಲಿ ‘ನೈತಿಕ ಮೌಲ್ಯಗಳ ಸಂವರ್ಧನೆ’ಯಂಥ ಮಾತುಗಳು ಸಾಲುಸಾಲಾಗಿದ್ದವು. ಬಿಸಿಲಲ್ಲಿ ನಿಂತ ನಾಲ್ಕನೇ ಕ್ಲಾಸಿನವರಿಗೆ ಅವು ದಾಟುವುದಿಲ್ಲ, ಬರೆದವರಿಗೂ ದಾಟಿರಲಿಕ್ಕಿಲ್ಲ. ಭಾಷ್ಯದ ಅಳತೆಯಲ್ಲಿ ಅವೂ ಸತ್ಯಕ್ಕೆ ಸಲ್ಲವು. ನೋಟ್‌ಬುಕ್ಕಿನ ಹಾಳೆಗೆ ನಾನು ಪೂರ್ತಿ ಅಂಕ ಹಾಕಿದೆ. ಕಾಗುಣಿತದ ನಾಲ್ಕು ತಪ್ಪುಗಳನ್ನು ನೋಡಿಯೂ ನೋಡದವನಂತೆ.