ನಿಧಾನಕ್ಕೂ ಹಿಂದಿರುಗುವಿಕೆಗೂ ನಡುವೆ: ಮಾದಪ್ಪನ ಬೆಟ್ಟದ ಇಳಿಜಾರಿನಲ್ಲಿ ಒಂದು ವಿಚಾರ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಬರುವ ಬಸ್ಸು ತಾಳುಬೆಟ್ಟದಲ್ಲಿ ಗೇರ್ ಬದಲಿಸಿ ಮಲೆ ಮಹದೇಶ್ವರ ಬೆಟ್ಟದ ಘಾಟಿ ಏರತೊಡಗುತ್ತದೆ. ಏರುವಾಗ ಡೀಸೆಲ್ ಉರಿಸಿ ಪಡೆದ ಶಕ್ತಿಯಲ್ಲಿ ಒಂದು ಭಾಗ ಬಸ್ಸಿನ ಎತ್ತರವಾಗಿ ಕೂಡಿಡಲ್ಪಡುತ್ತದೆ. ಇಳಿಯುವಾಗ ಆ ಶಕ್ತಿ ಬಿಡುಗಡೆಯಾಗಲೇಬೇಕು. 15 ಟನ್ ತೂಕದ ಬಸ್ಸು 400 ಮೀಟರ್ ಎತ್ತರ ಇಳಿಯಿತೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಬಿಡುಗಡೆಯಾಗುವುದು ಸುಮಾರು 5.9 ಕೋಟಿ ಜೂಲ್. ಮನೆಯ ಕರೆಂಟಿನ ಲೆಕ್ಕದಲ್ಲಿ 16 ಯೂನಿಟ್. ಬಸ್ಸು ಸಮವೇಗದಲ್ಲಿ ಇಳಿದರೆ ಇದಿಷ್ಟೂ ಬ್ರೇಕಿನಲ್ಲಿ, ಎಂಜಿನ್ನಿನಲ್ಲಿ, ಟೈರು ಮತ್ತು ಗಾಳಿಯಲ್ಲಿ ಶಾಖವಾಗುತ್ತದೆ. ಅರ್ಧ ಗಂಟೆಯಲ್ಲಿ ಇಳಿಯುವ ಬದಲು ಇಡೀ ದಿನ ತೆಗೆದುಕೊಂಡು, ಇರುವೆಯಂತೆ ಇಳಿದರೆ ಏನಾಗುತ್ತದೆ? ಮೊತ್ತದಲ್ಲಿ ಏನೂ ಬದಲಾಗುವುದಿಲ್ಲ. ಉಷ್ಣಗತಿಶಾಸ್ತ್ರ ಓದುವವರು ಮೇಲಿಂದ ಮೇಲೆ ಎಡವುವ ಒಂದು ತತ್ತ್ವ ಈ ಸರಳ ಉತ್ತರದಲ್ಲೇ ಇದೆ.

ಆ ಶಾಸ್ತ್ರದಲ್ಲಿ ಜೋಡಿಯಾಗಿ ಬರುವ ಎರಡು ಕಲ್ಪನೆಗಳಿವೆ. ಒಂದು ಕ್ವಾಸಿಸ್ಟ್ಯಾಟಿಕ್ ಪ್ರಕ್ರಿಯೆ: ಬದಲಾವಣೆ ಎಷ್ಟು ನಿಧಾನವೆಂದರೆ, ವಸ್ತು ಪ್ರತಿ ಕ್ಷಣವೂ ಸಮತೋಲದಲ್ಲೇ ಇದೆ ಎನ್ನಬಹುದು. ಇನ್ನೊಂದು ರಿವರ್ಸಿಬಲ್, ಎಂದರೆ ಹಿಮ್ಮರಳಬಲ್ಲ ಪ್ರಕ್ರಿಯೆ: ನಡೆದ ದಾರಿಯಲ್ಲೇ ಹಿಂದಿರುಗಿದಾಗ ವಸ್ತುವೂ ಅದರ ಸುತ್ತಲಿನ ಜಗತ್ತೂ ಮೊದಲಿನಂತೆಯೇ ಆಗಿರಬೇಕು, ಎಲ್ಲಿಯೂ ಗುರುತು ಉಳಿದಿರಬಾರದು. ಮೊದಲನೆಯದು ವಸ್ತುವಿನ ಒಳಸ್ಥಿತಿಯ ಬಗ್ಗೆ ಹೇಳುತ್ತದೆ. ಎರಡನೆಯದು ವಸ್ತು ಮತ್ತು ಜಗತ್ತು ಎರಡರ ಲೆಕ್ಕವನ್ನೂ ಕೇಳುತ್ತದೆ. ಹಿಮ್ಮರಳಬಲ್ಲ ಪ್ರಕ್ರಿಯೆ ನಿಧಾನವಾಗಿರಲೇಬೇಕು ಎಂಬುದು ನಿಜ. ಆದರೆ ನಿಧಾನವಾದದ್ದೆಲ್ಲ ಹಿಮ್ಮರಳುತ್ತದೆ ಎಂಬ ತೀರ್ಮಾನ ಅದರಿಂದ ಬರುವುದಿಲ್ಲ. ಪಠ್ಯಪುಸ್ತಕದ ಉದಾಹರಣೆಗಳಲ್ಲಿ ಪಿಸ್ಟನ್ನಿಗೆ ಘರ್ಷಣೆಯೇ ಇರುವುದಿಲ್ಲವಾದ್ದರಿಂದ ಎರಡೂ ಒಂದೇ ಎಂಬ ಭಾವನೆ ಮೂಡುತ್ತದೆ.

ಹಿಮ್ಮರಳುವಿಕೆಯನ್ನು ಪರೀಕ್ಷಿಸಲು ಗಡಿಯಾರ ಬೇಕಿಲ್ಲ. ಬಲವನ್ನು ಕೂದಲೆಳೆಯಷ್ಟು ಬದಲಿಸಿದಾಗ ಪ್ರಕ್ರಿಯೆಯ ದಿಕ್ಕು ತಿರುಗುತ್ತದೆಯೇ ಎಂದು ನೋಡಬೇಕು. ಘಾಟಿಯ ಒಂದು ತುಂಡು ರಸ್ತೆ 15 ಮೀಟರ್ ಉದ್ದಕ್ಕೆ 1 ಮೀಟರ್ ಇಳಿಯುತ್ತದೆ ಎನ್ನೋಣ. ಆಗ 15 ಟನ್ ಬಸ್ಸನ್ನು ರಸ್ತೆಯ ಗುಂಟ ಕೆಳಕ್ಕೆ ಎಳೆಯುವ ಬಲ 1 ಟನ್ ತೂಕದಷ್ಟು. ಈ ಬಸ್ಸನ್ನು ಎರಡು ರೀತಿಯಲ್ಲಿ ನಿಧಾನವಾಗಿ ಇಳಿಸಬಹುದು. ಒಂದು, ಘರ್ಷಣೆಯಿಲ್ಲದ ಆದರ್ಶ ರಾಟೆಯ ಮೇಲೆ ಹಗ್ಗ ಹಾಯಿಸಿ, ಮತ್ತೊಂದು ತುದಿಗೆ 1 ಟನ್ ಕಲ್ಲು ಕಟ್ಟುವುದು. ಬಸ್ಸು ಇಳಿದಂತೆ ಕಲ್ಲು ಏರುತ್ತದೆ. ಕಲ್ಲಿನ ಮೇಲೆ ಒಂದು ಹಿಡಿ ಮರಳು ಸುರಿದರೆ ಸಾಕು, ಬಸ್ಸು ಮತ್ತೆ ಮೇಲಕ್ಕೆ ಹೊರಡುತ್ತದೆ. ಇನ್ನೊಂದು, ಬ್ರೇಕನ್ನು ಸರಿಯಾಗಿ 1 ಟನ್ ತಡೆ ಕೊಡುವಷ್ಟೇ ಒತ್ತಿ ಹಿಡಿಯುವುದು. ಈಗಲೂ ಬಸ್ಸು ಅಷ್ಟೇ ನಿಧಾನವಾಗಿ ತೆವಳುತ್ತದೆ. ಆದರೆ ಮೇಲಿನಿಂದ ಒಂದು ಹಿಡಿ ಮರಳಿನಷ್ಟು ಬಲದಿಂದ ಎಳೆದರೆ ಬಸ್ಸು ಹಿಂದಿರುಗುವುದಿಲ್ಲ, ನಿಂತುಬಿಡುತ್ತದೆ. ಅರ್ಧ ಟನ್ ಬಲದಿಂದ ಎಳೆದರೂ, ಒಂದೂವರೆ ಟನ್ ಎಳೆದರೂ ನಿಂತೇ ಇರುತ್ತದೆ. ಬ್ರೇಕಿನ ಒತ್ತಡ ಹಾಗೆಯೇ ಇದ್ದರೆ ಬಸ್ಸು ಮೇಲಕ್ಕೆ ಅಲುಗಲು 2 ಟನ್ ಬೇಕು: ಇಳಿಜಾರಿನ ಎಳೆತಕ್ಕೆ ಒಂದು, ಈಗ ಎದುರು ದಿಕ್ಕಿಗೆ ತಿರುಗಿಕೊಂಡ ಘರ್ಷಣೆಗೆ ಇನ್ನೊಂದು.

ಘರ್ಷಣೆಯ ಗುಟ್ಟು ಈ 2 ಟನ್ನಿನ ಅಂತರದಲ್ಲಿದೆ. ಗುರುತ್ವ ಹೋಗುವಾಗ ಕೊಟ್ಟದ್ದನ್ನು ಬರುವಾಗ ಕೇಳುತ್ತದೆ. ಘರ್ಷಣೆ ಹೋಗುವಾಗಲೂ ಕೇಳುತ್ತದೆ, ಬರುವಾಗಲೂ ಕೇಳುತ್ತದೆ. ಯಾವ ದಿಕ್ಕಿಗೆ ಚಲಿಸಿದರೂ ಅದು ಎದುರಿಗೇ ನಿಲ್ಲುತ್ತದೆ. ಚಲನೆ ಎಷ್ಟೇ ನಿಧಾನವಾದರೂ ಆ ಅಂತರ ಕಿರಿದಾಗುವುದಿಲ್ಲ.

ಹಾಗಾದರೆ ನಿಧಾನವಾಗಿ ಮಾಡಿದರೆ ನಷ್ಟ ಕಡಿಮೆ ಎಂಬ ನಂಬಿಕೆ ಸುಳ್ಳೇ? ಅಲ್ಲ, ಅದಕ್ಕೂ ಅದರದೇ ಆದ ಕ್ಷೇತ್ರವಿದೆ. ನೀರಿನಲ್ಲಿ ಮೆಲ್ಲನೆ ಚಲಿಸುವ ವಸ್ತುವಿಗೆ ಎದುರಾಗುವ ತಡೆ ಅದರ ವೇಗಕ್ಕೆ ತಕ್ಕಂತೆ ಇರುತ್ತದೆ. ವೇಗ ಅರ್ಧವಾದರೆ ಬಲವೂ ಅರ್ಧ, ಅಷ್ಟೇ ದೂರ ಸಾಗಲು ಕಳೆದುಕೊಳ್ಳುವ ಶಕ್ತಿಯೂ ಅರ್ಧ. ವೇಗ ಸೊನ್ನೆಯತ್ತ ಸಾಗಿದಂತೆ ನಷ್ಟವೂ ಸೊನ್ನೆಯತ್ತ ಸಾಗುತ್ತದೆ. ತಂತಿಯಲ್ಲಿ ಹರಿಯುವ ಕರೆಂಟಿನದೂ ಇದೇ ರೀತಿ. ಒಣ ಮೇಲ್ಮೈಗಳ ಘರ್ಷಣೆ ಮಾತ್ರ ಬೇರೆ ಜಾತಿಯದು. ಫ್ರಾನ್ಸಿನ ಕುಲಾಂಬ್ 18ನೇ ಶತಮಾನದ ಕೊನೆಯ ಭಾಗದಲ್ಲಿ ಪ್ರಯೋಗಗಳಿಂದ ತೋರಿಸಿದಂತೆ, ಈ ಬಲ ವೇಗವನ್ನು ಹೆಚ್ಚೂಕಡಿಮೆ ಅವಲಂಬಿಸುವುದಿಲ್ಲ. ವೇಗಕ್ಕೆ ತಕ್ಕಂತೆ ಅದು ಸ್ವಲ್ಪ ಏರಿಳಿಯಬಹುದು, ಆದರೆ ವೇಗ ಸೊನ್ನೆಗೆ ಹತ್ತಿರವಾದಾಗ ತಾನೂ ಸೊನ್ನೆಯಾಗುವುದಿಲ್ಲ. ಬಲ ಅಷ್ಟೇ, ದೂರವೂ ಅಷ್ಟೇ. ಅವುಗಳ ಗುಣಲಬ್ಧವಾದ ಶಾಖವೂ ಅಷ್ಟೇ ಆಗಬೇಕಲ್ಲವೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನಿಧಾನವಾಗಿ ಇಳಿದ ಬಸ್ಸಿನ ಬ್ರೇಕ್ ಡ್ರಮ್ ಅಷ್ಟಾಗಿ ಕಾಯುವುದಿಲ್ಲ, ಲೈನಿಂಗ್ ಸುಟ್ಟ ವಾಸನೆಯೂ ಬರುವುದಿಲ್ಲ. ನಷ್ಟ ಕಡಿಮೆಯಾದದ್ದಕ್ಕೆ ಇದೇ ಸಾಕ್ಷಿಯಲ್ಲವೇ? ಅಲ್ಲ. ಇದು ಉಷ್ಣತೆಯ ಮಾತು, ಶಾಖದ ಮೊತ್ತದ ಮಾತಲ್ಲ. ಗಾಳಿಗೆ ಸೋರಿಹೋಗಲು ಸಮಯ ಸಿಕ್ಕಿದ್ದರಿಂದ ಡ್ರಮ್ ತಣ್ಣಗಿದೆ, ಅಷ್ಟೇ. ಹಿಂದಿರುಗುವ ದೃಷ್ಟಿಯಿಂದ ಇದು ಇನ್ನೂ ದುಬಾರಿ. 327 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಡ್ರಮ್ಮಿನಿಂದ ಶಾಖ ಪಡೆದು ಆದರ್ಶ ಎಂಜಿನ್ ಓಡಿಸಿದರೆ, 27 ಡಿಗ್ರಿಯ ಗಾಳಿಯ ನಡುವೆ ಆ ಶಾಖದ ಅರ್ಧದವರೆಗೆ ಕೆಲಸವಾಗಿ ಪಡೆಯಬಹುದು; ಕಾರ್ನೊ 1824ರಲ್ಲಿ ಆರಂಭಿಸಿದ ವಿಚಾರದ ಫಲ ಇದು. ಡ್ರಮ್ ಗಾಳಿಯಷ್ಟೇ ತಣ್ಣಗಿದ್ದರೆ ದೊರೆಯುವುದು ಸೊನ್ನೆ. ಆ 5.9 ಕೋಟಿ ಜೂಲ್ ಬೆಟ್ಟದ ಗಾಳಿಗೆ ಸೇರಿದಾಗ ಜಗತ್ತಿನ ಎಂಟ್ರೊಪಿ ಕೆಲ್ವಿನ್ನಿಗೆ ಸುಮಾರು 2 ಲಕ್ಷ ಜೂಲ್ ಹೆಚ್ಚುತ್ತದೆ. ಬಸ್ಸು ಬೇಗ ಬಂದರೂ ತಡವಾಗಿ ಬಂದರೂ ಆ ಅಂಕಿ ಕರಗುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಆಳದ್ದು. ಬ್ರೇಕ್ ಲೈನಿಂಗ್ ಮತ್ತು ಡ್ರಮ್ ತಾಗುವುದು ಕಣ್ಣಿಗೆ ಕಾಣದ ಸಣ್ಣ ಸಣ್ಣ ಉಬ್ಬುಗಳಲ್ಲಿ. ಅವು ಸಿಕ್ಕಿಕೊಂಡು, ಬಾಗಿ, ತಟ್ಟನೆ ಕಳಚಿಕೊಳ್ಳುತ್ತವೆ. ಆ ಕಳಚುವಿಕೆ ಸಮತೋಲದ ಸ್ಥಿತಿಯಲ್ಲವಾದ್ದರಿಂದ, ಘರ್ಷಣೆಯಿರುವ ಚಲನೆ ಕ್ವಾಸಿಸ್ಟ್ಯಾಟಿಕ್ಕೇ ಅಲ್ಲ ಎಂದು ವಾದಿಸಬಹುದು. ಈ ವಾದದ ಮೊದಲ ಭಾಗ ಸರಿ. ನಿಧಾನ ಏಕೆ ಸೋಲುತ್ತದೆ ಎಂಬುದಕ್ಕೆ ಅದೇ ಕಾರಣ: ಚಾಲಕನ ಪಾದದ ನಿಧಾನ ಆ ಉಬ್ಬುಗಳವರೆಗೆ ತಲುಪುವುದೇ ಇಲ್ಲ. ಬಸ್ಸು ದಿನವಿಡೀ ತೆವಳಿದರೂ ಪ್ರತಿಯೊಂದು ಉಬ್ಬು ತನ್ನ ವೇಗದಲ್ಲೇ ಜಿಗಿದು ನಡುಗುತ್ತದೆ. ಆದರೆ ಉಷ್ಣಗತಿಶಾಸ್ತ್ರ ಅಳೆಯುವುದು ಬಸ್ಸಿನ ಎತ್ತರ, ಡ್ರಮ್ಮಿನ ಉಷ್ಣತೆಯಂಥ ದೊಡ್ಡ ಅಳತೆಗಳನ್ನು. ಅವೆಲ್ಲ ಸಮತೋಲದಿಂದ ಸಮತೋಲಕ್ಕೆ ಸಾವಕಾಶವಾಗಿಯೇ ಸರಿಯುತ್ತವೆ. ಹಿಮ್ಮರಳದ ಎಲ್ಲವನ್ನೂ ಕ್ವಾಸಿಸ್ಟ್ಯಾಟಿಕ್ ಅಲ್ಲ ಎಂದು ಹೊರಗಿಟ್ಟರೆ ಎರಡು ಹೆಸರುಗಳಿಗೂ ಒಂದೇ ಅರ್ಥವಾಗುತ್ತದೆ. ಆಗ ನಷ್ಟ ಅವಸರದಿಂದ ಬಂತೋ ಘರ್ಷಣೆಯಿಂದ ಬಂತೋ ಎಂದು ಕೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಆ ಪ್ರಶ್ನೆಗೆ ಬೆಲೆಯಿದೆ, ಏಕೆಂದರೆ ಎರಡು ನಷ್ಟಗಳಿಗೆ ಮದ್ದು ಬೇರೆ ಬೇರೆ. ಇಳಿಯುವಾಗ ಮೋಟಾರನ್ನೇ ಜನರೇಟರ್ ಮಾಡಿ ಬ್ಯಾಟರಿ ತುಂಬಿಸುವ ಎಲೆಕ್ಟ್ರಿಕ್ ಬಸ್ಸಿನ ತಂತಿಗಳಲ್ಲಿ ಆಗುವ ನಷ್ಟವನ್ನು ನಿಧಾನ ನಿಜಕ್ಕೂ ತಗ್ಗಿಸುತ್ತದೆ. ಬ್ರೇಕಿನ ನಷ್ಟವನ್ನು ತಗ್ಗಿಸಬೇಕಾದರೆ ಬ್ರೇಕಿನ ಬಳಕೆಯನ್ನೇ ಕಡಿಮೆ ಮಾಡಿ, ಆ ಶಕ್ತಿಯನ್ನು ಕೂಡಿಡಬಲ್ಲ ಬೇರೊಂದು ಜಾಗಕ್ಕೆ ಸಾಗಿಸಬೇಕು. ಆದ್ದರಿಂದ ಯಾವುದೇ ಪ್ರಕ್ರಿಯೆ ಹಿಮ್ಮರಳಬಲ್ಲದು ಎಂದು ಯಾರಾದರೂ ಹೇಳಿದರೆ ಎಷ್ಟು ನಿಧಾನ ಎಂದು ಕೇಳಿ ಸುಮ್ಮನಾಗಬೇಡಿ. ತುಸುವೇ ಬಲ ಬದಲಿಸಿದರೆ ಅದು ಹಿಂದಿರುಗುತ್ತದೆಯೇ, ಹಿಂದಿರುಗಿದ ಮೇಲೆ ಸುತ್ತಲಿನ ಜಗತ್ತು ಮೊದಲಿನಂತಿರುತ್ತದೆಯೇ ಎಂದು ಕೇಳಿ. ಎರಡಕ್ಕೂ ಹೌದು ಎಂಬ ಉತ್ತರ ಬರದಿದ್ದರೆ ಅದು ನಿಧಾನವಾಗಿ ನಡೆದ, ಆದರೆ ಹಿಮ್ಮರಳದ ಬದಲಾವಣೆಯೇ ಸರಿ.