ಮೆತ್ತಿಯ ಪಕಾಸಿಗಳನ್ನು ಬರೆಯುವಾಗ

ಗುಡ್ನಾಪುರವೆಂದರೆ ಹೆಚ್ಚಿನವರು ಬರುವುದು ಕೆರೆಗಾಗಿ, ಇಲ್ಲವೇ ಕದಂಬರ ರವಿವರ್ಮನ ಶಾಸನಕ್ಕಾಗಿ. ನನ್ನನ್ನು ಹಿಡಿದು ಕೂರಿಸಿದ್ದು ಅಲ್ಲಿನ ಒಂದು ಹಳೆಯ ಮನೆಯ ಮೆತ್ತಿ. ಏಣಿಮೆಟ್ಟಿಲು ಹತ್ತಿದರೆ ಎರಡೂ ಕಡೆ ಇಳಿಬಿದ್ದ ಮಾಡು, ನೆತ್ತಿಯಲ್ಲಿ ಉದ್ದಕ್ಕೂ ಒಂದು ತೊಲೆ, ಅದರಿಂದ ಸೂರಿನವರೆಗೆ ಸಾಲಾಗಿ ಇಳಿಯುವ ಪಕಾಸಿಗಳು, ಅವುಗಳ ಮೇಲೆ ಅಡ್ಡಡ್ಡ ರೀಪು, ರೀಪಿನ ಮೇಲೆ ಮಂಗಳೂರು ಹೆಂಚು. ಕೆಳಗೆ ಹಲಗೆ ಹೊಡೆದಿರಲಿಲ್ಲವಾದ್ದರಿಂದ ಎಲ್ಲವೂ ಬಿಚ್ಚಿಟ್ಟಂತೆ ಕಾಣುತ್ತಿತ್ತು. ಇಂಥ ಕೋಣೆಯನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು ಸುಲಭವೆನಿಸುತ್ತದೆ. ಇರುವುದೆಲ್ಲ ನೇರ ಗೆರೆಗಳೇ ತಾನೆ? ಆದರೆ ಇಂಥ ಚಿತ್ರಗಳು ಕೆಡುವುದು ಗೆರೆಯಲ್ಲಿ ಅಲ್ಲ, ಗೆರೆಗಳ ನಡುವಿನ ಅಂತರದಲ್ಲಿ.

ನಾನು ಒಂದು ತುದಿಯಲ್ಲಿ ನೆಲದ ಮೇಲೆ ಕೂತು, ನೆತ್ತಿಯ ತೊಲೆಯ ಉದ್ದಕ್ಕೆ ಎದುರು ತುದಿಯನ್ನು ನೋಡುತ್ತಿದ್ದೆ. ತೊಲೆ ನೆಲದಿಂದ ಏಳಡಿ ಎತ್ತರ, ಕೂತವನ ಕಣ್ಣು ಮೂರಡಿ. ಅಂದರೆ ತೊಲೆ ನನ್ನ ಕಣ್ಮಟ್ಟದಿಂದ ನಾಲ್ಕಡಿ ಮೇಲೆ, ಸೂರು ಕಣ್ಮಟ್ಟದಿಂದ ಕೆಳಗೆ. ಹಾಗಾಗಿ ದೂರ ಹೋದಂತೆ ತೊಲೆ ಇಳಿಯುತ್ತ ಬರುತ್ತದೆ, ಸೂರು ಏರುತ್ತ ಬರುತ್ತದೆ, ನಡುವಿನ ರೀಪುಗಳೂ ಅವುಗಳೊಡನೆ ಸೇರಿ ಎಲ್ಲವೂ ಕಣ್ಣಿನ ನೇರಕ್ಕಿರುವ ಒಂದೇ ಬಿಂದುವಿನತ್ತ ಓಡುತ್ತವೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಮಾತು. ಕೈ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ: ಅಭ್ಯಾಸಬಲದಿಂದ ಪಕಾಸಿಗಳನ್ನೂ ಅದೇ ಬಿಂದುವಿನ ಕಡೆ ಬಾಗಿಸಿಬಿಡುತ್ತೇವೆ. ಅವು ಬಾಗಬಾರದು. ನೇರ ಎದುರು ನೋಡುವವನಿಗೆ ಪಕಾಸಿ ದೂರ ಓಡುವ ಮರವಲ್ಲ, ಅಡ್ಡಕ್ಕೆ ಇಳಿಯುವ ಮರ. ಮಾಡಿನ ಇಳಿಜಾರು ಮೂವತ್ತು ಡಿಗ್ರಿಯಿದ್ದರೆ ಹತ್ತಿರದ ಪಕಾಸಿಯೂ ಮೂವತ್ತು ಡಿಗ್ರಿ, ಕೊನೆಯದೂ ಮೂವತ್ತೇ. ಗಾತ್ರ ಕುಗ್ಗುತ್ತದೆ, ಓರೆ ಬದಲಾಗದು. ಕತ್ತೆತ್ತಿ ಮಾಡನ್ನು ನೋಡಿದರೆ, ಅಥವಾ ಫೋನನ್ನು ಮೇಲಕ್ಕೆ ವಾಲಿಸಿ ಫೋಟೋ ತೆಗೆದರೆ, ಈ ಲೆಕ್ಕ ಬದಲಾಗುತ್ತದೆ. ಆಗ ಪಕಾಸಿಗಳು ಒಂದಕ್ಕೊಂದು ಸಮಾನಾಂತರವಾಗಿ ಉಳಿಯುವುದಿಲ್ಲ. ಫೋಟೋ ನೋಡಿ ಬರೆಯುವವರು ಮೊದಲು ಕ್ಯಾಮೆರಾ ವಾಲಿತ್ತೇ ಎಂದು ಗಮನಿಸಬೇಕು.

ಇನ್ನು ಅಂತರ. ಪಕಾಸಿಗಳು ಎರಡಡಿಗೊಂದರಂತೆ ಇವೆ, ಮೊದಲನೆಯದು ನನ್ನಿಂದ ಎಂಟಡಿ ದೂರದಲ್ಲಿದೆ ಎಂದುಕೊಳ್ಳಿ. ಕಣ್ಣಿನಿಂದ ಮೂವತ್ತು ಸೆಂಟಿಮೀಟರ್ ದೂರದಲ್ಲಿ ಒಂದು ಗಾಜು ಹಿಡಿದು ಅದರ ಮೇಲೇ ಬರೆದರೆ, ಕಣ್ಮಟ್ಟದಿಂದ ನಾಲ್ಕಡಿ ಮೇಲಿರುವ ನೆತ್ತಿ ಮೊದಲ ಪಕಾಸಿಯ ಬಳಿ 15 ಸೆಂ.ಮೀ. ಎತ್ತರದಲ್ಲಿ ಬೀಳುತ್ತದೆ. ಮೂವತ್ತನ್ನು ನಾಲ್ಕರಿಂದ ಗುಣಿಸಿ ದೂರದಿಂದ ಭಾಗಿಸಿದರೆ ಆಯಿತು. ಹತ್ತಡಿಯಲ್ಲಿರುವ ಎರಡನೆಯದಕ್ಕೆ 12, ಮೂರನೆಯದಕ್ಕೆ 10, ನಾಲ್ಕನೆಯದಕ್ಕೆ ಸುಮಾರು 8.6, ಐದನೆಯದಕ್ಕೆ 7.5. ಇಳಿತ ಮೊದಲು ಮೂರು ಸೆಂಟಿಮೀಟರ್, ಆಮೇಲೆ ಎರಡು, ಆಮೇಲೆ ಒಂದೂವರೆಗೆ ತುಸು ಕಡಿಮೆ, ಆಮೇಲೆ ಒಂದಕ್ಕೆ ತುಸು ಹೆಚ್ಚು.

ಮೂರು, ಎರಡು ಎಂದು ಕಂಡ ಕೂಡಲೇ ನಮ್ಮ ಕೈ ಒಂದು ಸೂತ್ರ ಹೊಸೆದುಕೊಳ್ಳುತ್ತದೆ: ಪ್ರತಿ ಸಲವೂ ಮೂರನೇ ಎರಡು ಭಾಗಕ್ಕೆ ಇಳಿಸಿದರಾಯಿತು ಎಂದು. ಮೂರನೇ ಅಂತರದವರೆಗೆ ಮೋಸ ಗೊತ್ತಾಗುವುದಿಲ್ಲ. ಆದರೆ ಆ ಸೂತ್ರ ಹಿಡಿದು ಸಾವಿರ ಪಕಾಸಿ ಬರೆದರೂ ಒಟ್ಟು ಇಳಿತ ಒಂಬತ್ತು ಸೆಂಟಿಮೀಟರ್ ದಾಟದು. ನೆತ್ತಿಯ ಗೆರೆ ಕಣ್ಮಟ್ಟದಿಂದ ಆರು ಸೆಂಟಿಮೀಟರ್ ಮೇಲೆಯೇ ಸಿಕ್ಕಿಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲಿ ಆರು ಸೆಂಟಿಮೀಟರ್ ಎಂದರೆ ಇಪ್ಪತ್ತಡಿ ದೂರ. ಮೆತ್ತಿ ಎಷ್ಟೇ ಉದ್ದವಿರಲಿ, ಪಕಾಸಿಗಳೆಲ್ಲ ಇಪ್ಪತ್ತಡಿಯೊಳಗೆ ಒಂದರ ಮೇಲೊಂದು ಬಿದ್ದು ಒತ್ತಿಕೊಂಡಿರುತ್ತವೆ. ಚಿತ್ರದ ದೂರದ ತುದಿ ಉಸಿರುಗಟ್ಟಿದಂತೆ ಕಂಡರೆ ಕಾರಣ ಬಹುಪಾಲು ಇದೇ.

ಸ್ಥಳದಲ್ಲಿ ಕೂತು ಭಾಗಾಕಾರ ಮಾಡುವ ಅಗತ್ಯವಿಲ್ಲ. ಅಳತೆಗೆ ಬೇಕಾದ್ದು ಮಾಡಿನಲ್ಲೇ ಇದೆ. ಸೂರು ಹೇಗೂ ಹಾಳೆಯ ಆಚೆ ಹೋಗುವುದರಿಂದ ನೆತ್ತಿಯ ಸಮೀಪದ ಮೂರು ರೀಪುಗಳನ್ನು ಹಿಡಿದರೆ ಸಾಕು. ಅವುಗಳ ನಡುವೆ ಸಮ ಅಂತರವಿರಬೇಕು, ಅಷ್ಟೆ. ಮೊದಲೆರಡು ಪಕಾಸಿಗಳನ್ನು ಕಂಡಂತೆ ಬರೆದುಕೊಳ್ಳಿ. ಮೊದಲ ಪಕಾಸಿ ಮೇಲಿನ ರೀಪನ್ನು ಮುಟ್ಟುವಲ್ಲಿಂದ, ಎರಡನೇ ಪಕಾಸಿ ನಡುವಿನ ರೀಪನ್ನು ಮುಟ್ಟುವಲ್ಲಿಗೆ ಓರೆಗೆರೆ ಎಳೆದು ಮುಂದುವರಿಸಿದರೆ, ಅದು ಕೆಳಗಿನ ರೀಪಿಗೆ ಬಡಿಯುವ ಜಾಗವೇ ಮೂರನೇ ಪಕಾಸಿಯದು. ಎರಡನೆಯದರಿಂದ ಮತ್ತೆ ಹಾಗೆಯೇ. ಹೀಗೆ ಒಂದರ ಮೇಲೊಂದು ಎಳೆಯುತ್ತ ಹೋದಾಗ ಪೆನ್ಸಿಲ್ಲಿನ ದಪ್ಪದಷ್ಟು ತಪ್ಪೂ ಕೂಡುತ್ತ ಹೋಗುತ್ತದೆ. ಅದಕ್ಕೊಂದು ತಾಳೆ ಇದೆ: ಓರೆಗೆರೆಗಳೆಲ್ಲ ನಿಜದಲ್ಲಿ ಸಮಾನಾಂತರ, ಹಾಗಾಗಿ ಹಾಳೆಯ ಮೇಲೆ ಅವೆಲ್ಲ ಒಂದೇ ಕಡೆ ಸೇರಬೇಕು. ಕಣ್ಣಿನ ಬಿಂದುವಿನಿಂದ ಪಕಾಸಿಯ ಓರೆಗೇ ಒಂದು ಗೆರೆ ಕೆಳಕ್ಕೆ ಎಳೆದರೆ ಆ ಗೆರೆಯ ಮೇಲೆ ಆ ಜಾಗ ಸಿಗುತ್ತದೆ. ಸೇರದಿದ್ದರೆ ಎಲ್ಲೋ ಜಾರಿದೆ. ಅಳೆಯುವಾಗ ಪಕಾಸಿಯ ಒಂದೇ ಅಂಚನ್ನು ಹಿಡಿಯುವುದು ಮುಖ್ಯ. ಮರಕ್ಕೆ ನಾಲ್ಕೈದು ಇಂಚು ಆಳವಿರುತ್ತದೆ. ದೂರದ ಪಕಾಸಿಗಳ ನಡುವಿನ ಸಂದನ್ನು ಮುಂದಿನ ಪಕಾಸಿಯೇ ಮುಚ್ಚುತ್ತ ಬರುತ್ತದೆ. ಕಾಣುವ ಸಂದನ್ನೇ ಅಂತರವೆಂದು ಬಗೆದರೆ ಲೆಕ್ಕ ಕೆಡುತ್ತದೆ.

ಇಷ್ಟೆಲ್ಲ ಆಗುವುದು ಪಕಾಸಿಗಳು ಸಮನಾಗಿದ್ದರೆ. ಆಗಿರಲೇಬೇಕೆಂದಿಲ್ಲ. ಹಳೆಯ ಮಾಡುಗಳನ್ನು ಕಟ್ಟಿ ಅನುಭವವಿದ್ದ ಆಚಾರಿಯೊಬ್ಬರನ್ನು ಕೇಳಿದಾಗ, "ಪಕಾಸಿ ಮರ ಹೇಳ್ದಂಗೆ, ರೀಪು ಹೆಂಚು ಹೇಳ್ದಂಗೆ" ಅಂದರು. ಈ ಮಾತು ನನ್ನ ಚಿತ್ರದ ಲೆಕ್ಕವನ್ನೇ ತಿರುಗಿಸಿತು. ಪಕಾಸಿಯನ್ನು ಆಚಾರಿ ಅತ್ತಿತ್ತ ಸರಿಸಬಲ್ಲ. ರೀಪನ್ನು ಸರಿಸಲಾರ, ಯಾಕೆಂದರೆ ಹೆಂಚಿನ ಹಿಂಬದಿಯ ಗುಬುಟು ಅದಕ್ಕೇ ಸಿಕ್ಕಿಕೊಳ್ಳಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಅಚ್ಚಿನ ಹೆಂಚು ಮಾಡತೊಡಗಿದ ಮೇಲೆ ಮಾಡಿಗೆ ಒಂದು ನಿಗದಿತ ಅಳತೆ ಬಂತು. ಹಾಸಿದ ಮೇಲೆ ಒಂದೊಂದು ಹೆಂಚು ಮುಚ್ಚುವುದು ಇಳಿಜಾರಿನಲ್ಲಿ ಸುಮಾರು ಒಂದಡಿ, ಅಡ್ಡಕ್ಕೆ ಸುಮಾರು ಎಂಟು ಇಂಚು. ನೂರು ಚದರಡಿಗೆ ಹತ್ತಿರ ಹತ್ತಿರ 150 ಹೆಂಚು. ಎರಡಡಿಯೆಂದರೆ ಮೂರು ಹೆಂಚಿನ ಅಗಲ. ಪಕಾಸಿ ಎಲ್ಲಿದೆಯೆಂದು ಅನುಮಾನವಾದರೆ ಹೆಂಚನ್ನೇ ಎಣಿಸಬಹುದು. ಮಾಡಿನ ಕೆಳಗೆ ಹಲಗೆ ಬಡಿದು ಹೆಂಚು ಮುಚ್ಚಿಬಿಟ್ಟ ಹೊಸ ಕೋಣೆಗಳಲ್ಲಿ ಈ ಆಸರೆ ಸಿಗುವುದಿಲ್ಲ. ಅಲ್ಲಿ ಹಲಗೆಯ ಸಂದುಗಳನ್ನು ನೆಚ್ಚಬೇಕು, ಅವೂ ಒಂದೇ ಅಗಲದವಾಗಿದ್ದರೆ.

ಗುಡ್ನಾಪುರದ ಮೆತ್ತಿಯಲ್ಲಿ ನನ್ನ ಓರೆಗೆರೆ ನಾಲ್ಕನೇ ಪಕಾಸಿಯವರೆಗೆ ಸರಿಯಾಗಿ ಕೂತಿತು. ಐದನೆಯದು 7.5ರಲ್ಲಿ ಬರಬೇಕು, ಕಣ್ಣಿಗೆ ಕಾಣುತ್ತಿದ್ದುದು ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಎದ್ದು ಹೋಗಿ ಒಂದು ಸಾಲಿನ ಹೆಂಚು ಎಣಿಸಿದೆ: ಮೂರು, ಮೂರು, ಮೂರು, ನಾಲ್ಕು. ಕೆಳಗಿನ ಕೋಣೆಯ ಗೋಡೆ ಮೇಲೆದ್ದು ಬಂದ ಜಾಗಕ್ಕೆ ಸರಿಯಾಗಿ ಐದನೇ ಪಕಾಸಿಯನ್ನು ಕೂರಿಸಿದ್ದರು, ಅದಕ್ಕಾಗಿ ಒಂದು ಹೆಂಚಿನಷ್ಟು ದೂರ ತಳ್ಳಿದ್ದರು. ಎಂಟು ಇಂಚಿನ ಆ ವ್ಯತ್ಯಾಸ ಹಾಳೆಯ ಮೇಲೆ ಮೂರು ಮಿಲಿಮೀಟರ್: 7.5ರ ಬದಲು 7.2. ಸಮ ಅಂತರದ ಸೂತ್ರವನ್ನೇ ನಂಬಿ ಅದನ್ನು ಬಿಟ್ಟುಬಿಡಬಹುದಿತ್ತು. ಆದರೆ ಆ ಅಗಲವಾದ ಸಂದಿನ ನಾಲ್ಕನೇ ಹೆಂಚು ಗಾಜಿನದು, ಮೆತ್ತಿಗೆ ಬೆಳಕು ಬರುತ್ತಿದ್ದುದೇ ಅದರಿಂದ. 7.5ರಲ್ಲಿ ಗೆರೆ ಎಳೆದರೆ ಪಕಾಸಿ ಗಾಜಿನ ಹೆಂಚಿನ ಅಂಚಿನಡಿಗೆ ಬಂದು ಬೆಳಕಿಗೆ ಅಡ್ಡ ನಿಲ್ಲುತ್ತದೆ. ರಬ್ಬರ್ ತೆಗೆದುಕೊಂಡು 7.2ಕ್ಕೆ ಇಳಿಸಿದೆ, ಆರನೆಯದರಿಂದ ಮುಂದಕ್ಕೆ ಮತ್ತೆ ಮೂರು ಹೆಂಚಿನ ಲೆಕ್ಕ.